ಡಬ್ಬಿ ಒಣಗೇ ಇದೆ, ಒಳಗಿನ ಸಾಮಾನು ಮಾತ್ರ ಒದ್ದೆ: ಮಳೆಗಾಲದ ಪಾರ್ಸೆಲ್‌ನಲ್ಲಿ ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು

ಆಗಸ್ಟ್ ತಿಂಗಳಲ್ಲಿ ಕಲಬುರಗಿಯಿಂದ ಕರಾವಳಿಗೆ ಹೋದ ಪಾರ್ಸೆಲ್ ಹಾಳಾಗಿ ತಲುಪಿದರೆ ಕಳಿಸಿದವರ ಬಾಯಿಂದ ಮೊದಲು ಬರುವ ಮಾತು "ಮಳ್ಯಾಗ ತೋಯಿಸ್ಯಾರ್ರೀ" ಎಂಬುದು. ಮುಂದಿನ ಸಲ ಅವರು ಡಬ್ಬಿಯ ಮೇಲೆ ಇನ್ನೆರಡು ಸುತ್ತು ಪ್ಲಾಸ್ಟಿಕ್ ಸುತ್ತುತ್ತಾರೆ, ಆಗ ಸಾಮಾನು ಇನ್ನೂ ಹೆಚ್ಚು ಹಾಳಾಗುತ್ತದೆ. ಕಾರಣ, ನೀರು ಹೊರಗಿನಿಂದ ಬಂದದ್ದೇ ಅಲ್ಲ. ಕಟ್ಟುವಾಗಲೇ ಸಾಮಾನಿನೊಳಗೆ ಇತ್ತು. ಮಳೆ ನೀರು ಒಳಗೆ ನುಗ್ಗುವುದು ಒಂದು ದೋಷ, ಒಳಗಿನ ಹಸಿಯೇ ಹೊರಬಿದ್ದು ಹನಿಗಟ್ಟುವುದು ಮತ್ತೊಂದು ದೋಷ. ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಆದ್ದರಿಂದ ಹೊಸ ಚೀಲ, ಹೊಸ ಟೇಪು ತರುವ ಮೊದಲು ಇದು ಯಾವ ದೋಷ ಎಂದು ಗುರುತಿಸಿಕೊಳ್ಳಬೇಕು.

ಇಲ್ಲಿ ಒಂದು ಪಾರ್ಸೆಲನ್ನು ಇಟ್ಟುಕೊಂಡು ನೋಡೋಣ. 45×30×30 ಸೆಂ.ಮೀ. ಅಳತೆಯ ರಟ್ಟಿನ ಡಬ್ಬಿ. ಒಳಗೆ ಎರಡೂವರೆ ಕಿಲೋ ತೂಕದ ಕೌದಿ, ಸುಮಾರು ನಾಲ್ಕು ಕಿಲೋ ಪುಸ್ತಕ, ಸೆಲ್ ಹಾಕಿದ ಒಂದು ಚಿಕ್ಕ ರೇಡಿಯೊ. ಎಲ್ಲವನ್ನೂ ಒಂದೇ ದೊಡ್ಡ ಪಾಲಿಥಿನ್ ಚೀಲದಲ್ಲಿ ಇಟ್ಟು, 5 ಗ್ರಾಂನ ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಾಯಿ ಬಿಗಿದು ಕಟ್ಟಿ, ಡಬ್ಬಿಗೆ ಟೇಪು ಹಚ್ಚಲಾಗಿದೆ. ಐದನೇ ದಿನ ಮಂಗಳೂರಿನಲ್ಲಿ ತೆರೆದಾಗ ಡಬ್ಬಿಯ ಹೊರಮೈ ಒಣಗಿದೆ, ವಿಳಾಸದ ಚೀಟಿಯ ಮಸಿ ಕದಡಿಲ್ಲ. ಆದರೆ ಪಾಲಿಥಿನ್‌ನ ಒಳಮೈಗೆ ಹನಿ ಕಟ್ಟಿದೆ, ಕೌದಿಗೆ ಮುಗ್ಗಲು ವಾಸನೆ, ಪುಸ್ತಕದ ಹಾಳೆಗಳ ಅಂಚು ಅಲೆಅಲೆಯಾಗಿ ಎದ್ದಿದೆ, ರೇಡಿಯೊದ ಸೆಲ್ ಕೂರುವ ಪಟ್ಟಿಗಳ ಮೇಲೆ ಹಸಿರು ಬಣ್ಣದ ಕಿಲುಬು.

ನೀರು ಬಿಟ್ಟುಹೋದ ಗುರುತು ಓದುವುದು

ನೀರು ನೀರಾಗಿಯೇ ಒಳಗೆ ಬಂದಿದ್ದರೆ ಗುರುತು ಬಿಟ್ಟೇ ಬಿಡುತ್ತದೆ. ಕಾಗದದ ಮೇಲೆ, ರಟ್ಟಿನ ಮೇಲೆ ಅದು ಎಲ್ಲಿಯವರೆಗೆ ಹರಿದು ನಿಂತಿತೋ ಅಲ್ಲಿ ಒಣಗಿದ ಮೇಲೆ ಕಂದು ಬಣ್ಣದ ಗೆರೆ ಉಳಿಯುತ್ತದೆ. ಆ ಗೆರೆ ಡಬ್ಬಿಯ ಮೇಲ್ಭಾಗದ ನಡುಸೀಳಿನಿಂದ ಅಥವಾ ಮೂಲೆಯಿಂದ ಶುರುವಾಗಿದ್ದರೆ ಮೇಲಿಂದ ಸುರಿದ ಮಳೆ. ತಳದಿಂದ ಮೇಲಕ್ಕೆ ಎರಡು ಮೂರು ಬೆರಳು ಎತ್ತರಕ್ಕೆ, ನಾಲ್ಕೂ ಕಡೆ ಸಮನಾಗಿ ಏರಿದ್ದರೆ ಡಬ್ಬಿಯನ್ನು ಒದ್ದೆ ನೆಲದ ಮೇಲೆ ಇಟ್ಟಿದ್ದಾರೆ. ರಟ್ಟಿನ ನಡುವಿನ ಅಲೆ ಪದರದ ಕೊಳವೆಗಳು ತಳದ ನೀರನ್ನು ಮೇಲಕ್ಕೆ ಹೀರುತ್ತವೆ. ನಮ್ಮ ಕಡೆ ಇದಕ್ಕೆ ಮಳೆಯೇ ಬೇಕೆಂದಿಲ್ಲ. ಶಹಾಬಾದ್ ಫರ್ಸಿ ಹಾಸಿದ ನೆಲ ತಂಪಾಗಿರುತ್ತದೆ. ಜಿಟಿಜಿಟಿ ಮಳೆಯ ದಿನ ಅದರ ಮೇಲೆ ತೇವ ಕೂರುತ್ತದೆ. ರಾತ್ರಿಯಿಡೀ ಅದರ ಮೇಲೆ ಕುಳಿತ ಡಬ್ಬಿಯ ತಳ ಮನೆಯಲ್ಲೇ ಮೆತ್ತಗಾಗಿರುತ್ತದೆ. ಒಂದು ಮರದ ಹಲಗೆ ಅಥವಾ ಎರಡು ರೀಪು ಅಡಿಗೆ ಇಟ್ಟರೆ ಈ ತೊಂದರೆ ಮುಗಿಯಿತು.

ತೇವ ಆವಿಯಾಗಿ ಓಡಾಡಿದ್ದರೆ ಗೆರೆ ಇರುವುದಿಲ್ಲ. ಹಾಳೆಗಳ ಅಂಚು ಎಲ್ಲ ಕಡೆ ಒಂದೇ ರೀತಿ ಅಲೆಯಾಗಿರುತ್ತದೆ, ಏಕೆಂದರೆ ಅಂಚು ತೇವ ಕುಡಿದು ಹಿಗ್ಗಿದೆ, ಹಾಳೆಯ ನಡುಭಾಗ ಇನ್ನೂ ಹಿಗ್ಗಿಲ್ಲ. ಬಟ್ಟೆಗೆ ಕಲೆಯಿಲ್ಲ, ವಾಸನೆ ಇದೆ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ, ಅದರಲ್ಲೂ ಸಾಮಾನು ತಾಗದ ಜಾಗದಲ್ಲಿ, ಸಣ್ಣ ಹನಿಗಳು ಸಮನಾಗಿ ಹರಡಿರುತ್ತವೆ. ನಮ್ಮ ಪಾರ್ಸೆಲ್‌ನಲ್ಲಿ ಕಂಡದ್ದೆಲ್ಲ ಇದೇ. ಮಳೆ ಅದನ್ನು ಮುಟ್ಟಿಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಡಬ್ಬಿ ಸೊಟ್ಟಗಾಗಿ ಕುಸಿದಿದ್ದರೆ "ನೆನೆದಿದೆ" ಎಂದು ಥಟ್ಟನೆ ತೀರ್ಮಾನಿಸಬೇಡಿ. ತುಂಬ ತೇವದ ಗಾಳಿಯಲ್ಲಿ ಕೆಲವು ದಿನ ಇದ್ದರೆ ಸಾಕು, ಒಂದು ಹನಿ ನೀರು ತಾಗದೆಯೂ ರಟ್ಟು ತನ್ನ ಭಾರ ತಡೆಯುವ ಬಲದಲ್ಲಿ ಅರ್ಧದಷ್ಟು ಕಳೆದುಕೊಳ್ಳಬಲ್ಲದು. ಮೇಲೆ ಬೇರೆ ಪಾರ್ಸೆಲ್ ಹೇರಿದರೆ ಕುಸಿಯುತ್ತದೆ. ಇದಕ್ಕೆ ಉತ್ತರ ಐದು ಪದರದ ಡಬ್ಬಿ, ಜೊತೆಗೆ ಒಳಗೆ ಪೊಳ್ಳು ಬಿಡದಂತೆ ತುಂಬುವುದು.

ನೀರು ಎಲ್ಲಿತ್ತು: ಸ್ವಲ್ಪ ಲೆಕ್ಕ

ಚೀಲದೊಳಗೆ ಸಿಕ್ಕಿಬಿದ್ದ ಗಾಳಿಯ ತೇವವೇ ಹನಿಯಾಯಿತು ಎಂದು ತುಂಬ ಜನ ನಂಬಿದ್ದಾರೆ. ಅದಕ್ಕೇ ಕಟ್ಟುವ ಮುಂಚೆ ಚೀಲ ಹಿಂಡಿ ಗಾಳಿ ತೆಗೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಆ ಡಬ್ಬಿಯಲ್ಲಿ ಹಿಡಿಸುವುದು ಸುಮಾರು 40 ಲೀಟರ್ ಗಾಳಿ. 30 ಡಿಗ್ರಿ ಸೆಖೆಯಲ್ಲಿ, ಶೇ. 80 ತೇವವಿದ್ದಾಗ, ಅಷ್ಟು ಗಾಳಿಯಲ್ಲಿರುವ ನೀರು ಒಂದು ಗ್ರಾಂ ಮಾತ್ರ. ಸಾಮಾನು ತುಂಬಿದ ಮೇಲೆ ಅದೂ ಇಲ್ಲ.

ಈಗ ಕೌದಿಗೆ ಬನ್ನಿ. ಹತ್ತಿ ಬಟ್ಟೆ ಮುಟ್ಟಿದರೆ ಒಣಗಿದೆ ಅನ್ನಿಸುವಾಗಲೂ ತನ್ನ ತೂಕದ ಶೇ. 7ರಷ್ಟು ನೀರು ಹಿಡಿದಿರುತ್ತದೆ. ಅದು ಸಹಜ. ಆದರೆ ಶ್ರಾವಣದಲ್ಲಿ ಒಗೆದು, ಮಳೆ ಬಿಡುವು ಕೊಟ್ಟಾಗ ಹಗ್ಗದ ಮೇಲೆ ಹಾಕಿ ತೆಗೆದ ಕೌದಿಯ ಕಥೆ ಬೇರೆ. ಹಳೆಯ ಸೀರೆ, ಧೋತರಗಳ ಹಲವು ಪದರ ಸೇರಿಸಿ ಒತ್ತೊತ್ತಾಗಿ ಹೊಲಿದ ವಸ್ತು ಅದು. ಮೇಲಿನ ಪದರ ಬೆರಳಿಗೆ ಒಣಗಿದಂತೆ ಹತ್ತುತ್ತದೆ, ನಡುವಿನ ಪದರ, ಅದರಲ್ಲೂ ನಾಲ್ಕು ಅಂಚಿನ ದಪ್ಪ ಮಡಿಕೆ, ಇನ್ನೂ ಹಸಿಯೇ. ಒಟ್ಟಾರೆ ಶೇ. 12 ನೀರು ಉಳಿದಿದೆ ಎಂದುಕೊಂಡರೂ ಎರಡೂವರೆ ಕಿಲೋ ಕೌದಿಯಲ್ಲಿ ಸಹಜಕ್ಕಿಂತ ಸುಮಾರು 125 ಗ್ರಾಂ ನೀರು ಹೆಚ್ಚಿದೆ. ಅಂದರೆ ಒಂದು ಟೀ ಕಪ್ಪಿನಷ್ಟು ನೀರನ್ನು ಪುಸ್ತಕ, ರೇಡಿಯೊಗಳ ಜೊತೆಗೆ ಅದೇ ಚೀಲದಲ್ಲಿ ಕಟ್ಟಿ ಕಳಿಸಿದ್ದಾರೆ.

ಸಿಲಿಕಾ ಜೆಲ್ ಏನು ಮಾಡಿತು? ಅದು ತನ್ನ ತೂಕದ ಕಾಲು ಭಾಗದಷ್ಟು, ತುಂಬ ತೇವವಿದ್ದರೆ ಅದಕ್ಕಿಂತ ಸ್ವಲ್ಪ ಹೆಚ್ಚು ನೀರು ಹೀರುತ್ತದೆ. 15 ಗ್ರಾಂ ಜೆಲ್ ನಾಲ್ಕೈದು ಗ್ರಾಂ ಹೀರಿ ಸುಮ್ಮನಾಯಿತು. 125 ಗ್ರಾಂ ತೆಗೆಯಬೇಕಾದರೆ ಅರ್ಧ ಕಿಲೋ ಜೆಲ್ ಬೇಕಿತ್ತು. ಹಸಿ ಸಾಮಾನನ್ನು ಜೆಲ್ ಹಾಕಿ ಒಣಗಿಸಲು ಆಗದು.

ಹಗಲಲ್ಲಿ ಬಿಸಿಯಾದ ಗಾಡಿಯೊಳಗೆ ಕೌದಿ ತೇವ ಬಿಟ್ಟಿತು, ರಾತ್ರಿ ಘಟ್ಟದ ತಂಪಿನಲ್ಲಿ ಆ ತೇವ ಪ್ಲಾಸ್ಟಿಕ್ಕಿಗೆ ಹನಿಗಟ್ಟಿತು. ಎಷ್ಟು ತಂಪಾದರೆ ಹನಿ ಕಟ್ಟುತ್ತದೆ ಎಂಬುದು ಚೀಲದೊಳಗಿನ ತೇವದ ಮೇಲೆ ನಿಂತಿದೆ. ಒಳಗೆ 30 ಡಿಗ್ರಿಯಲ್ಲಿ ಶೇ. 85 ತೇವ ಇದ್ದರೆ 27 ಡಿಗ್ರಿಗೆ ಇಳಿದೊಡನೆ ಹನಿ. ಶೇ. 55 ಮಾತ್ರ ಇದ್ದರೆ 20 ಡಿಗ್ರಿಯವರೆಗೂ ಹನಿಯಿಲ್ಲ. ಬೀದರ್ ಎತ್ತರದಲ್ಲಿರುವ ಊರು, ಮಳೆಗಾಲದ ರಾತ್ರಿ ಅಲ್ಲಿ ಇನ್ನೂ ತಂಪು. ಅಲ್ಲಿ ಕಟ್ಟಿಟ್ಟ ಡಬ್ಬಿ ಗಾಡಿ ಹತ್ತುವ ಮುಂಚೆಯೇ ಒಳಗೆ ಹನಿಗಟ್ಟಿರಬಹುದು.

ಚೀಲದ ಪರೀಕ್ಷೆ

ಕೈಯಿಂದ ಮುಟ್ಟಿ ನೋಡುವುದು ನಂಬಿಕೆಯ ಪರೀಕ್ಷೆ ಅಲ್ಲ. ಬೇಕಾದದ್ದು ಒಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ತೋರಿಸುವ ಮೀಟರ್. ಅಗ್ಗದ ಮೀಟರುಗಳು ನಾಲ್ಕೈದು ಅಂಕ ಹೆಚ್ಚುಕಡಿಮೆ ತೋರಿಸುತ್ತವೆ, ಹಾಗಾಗಿ ಮೊದಲು ಅದನ್ನೇ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ನಾಲ್ಕು ಹನಿ ನೀರು ಬಿಟ್ಟು ಗಟ್ಟಿ ಹಿಟ್ಟಿನಂತೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ರಾತ್ರಿಯಿಡೀ ಬಿಡಿ. ಹಸಿ ಉಪ್ಪಿನ ಮೇಲಿನ ಗಾಳಿ ಶೇ. 75ರಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಮೀಟರು 79 ತೋರಿಸಿದರೆ ಮುಂದೆ ಪ್ರತಿ ಸಲವೂ ನಾಲ್ಕು ಕಳೆಯಿರಿ. ಅದನ್ನು ಮೀಟರಿನ ಬೆನ್ನಿಗೆ ಬರೆದು ಅಂಟಿಸಿಬಿಡಿ.

ಈಗ ಕೌದಿಯ ನಡುಮಡಿಕೆಯಲ್ಲಿ ಮೀಟರು ಇಟ್ಟು, ಅದನ್ನು ಸ್ವಚ್ಛ ಪಾಲಿಥಿನ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ನೆರಳಿನಲ್ಲಿ ಒಂದು ರಾತ್ರಿ ಇಡಿ. ಚೀಲದೊಳಗಿನ ಗಾಳಿಗೆ ಬಟ್ಟೆಯೇ ತನ್ನ ತೇವ ಕೊಡುತ್ತದೆ, ಆದ್ದರಿಂದ ಬೆಳಿಗ್ಗೆ ಕಾಣುವ ಅಂಕಿ ಕೋಣೆಯದಲ್ಲ, ಬಟ್ಟೆಯದು. ಪುಸ್ತಕಗಳಿಗೂ ಇದೇ ಪರೀಕ್ಷೆ. ಅಂಕಿ 55ರ ಒಳಗಿದ್ದರೆ ಧೈರ್ಯವಾಗಿ ಕಟ್ಟಿ. 65 ದಾಟಿದ್ದರೆ ಯಾವ ಕಾರಣಕ್ಕೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ: 70ರ ಮೇಲೆ ಬಹಳ ದಿನ ಇದ್ದರೆ ಬೂಷ್ಟು ಬರುತ್ತದೆ, 80ರ ಮೇಲೆ ಕೆಲವೇ ದಿನ ಸಾಕು. ನಡುವಿನ ಅಂಕಿ ಬಂದರೆ ಎರಡು ದಿನದಲ್ಲಿ ತಲುಪುವ ಪಾರ್ಸೆಲ್‌ಗೆ ಪರವಾಗಿಲ್ಲ, ಅದಕ್ಕಿಂತ ದೂರದ್ದಾದರೆ ಇನ್ನೊಮ್ಮೆ ಒಣಗಿಸಿ.

ಮೀಟರು ಸಿಗದಿದ್ದರೆ ತೂಕ ಹಾಕಿ. ಹತ್ತು ಗ್ರಾಂ ವ್ಯತ್ಯಾಸ ತೋರುವ ಕಾಟಾ ಬೇಕು. ಬೆಳಿಗ್ಗೆ ತೂಗಿ, ಬಿಸಿಲಿಗೆ ಹಾಕಿ, ಮಧ್ಯಾಹ್ನ ತೂಗಿ, ಮತ್ತೊಂದು ಗಂಟೆ ಬಿಟ್ಟು ತೂಗಿ. ತೂಕ ಇನ್ನೂ ಇಳಿಯುತ್ತಲೇ ಇದ್ದರೆ ಒಳಪದರ ಒಣಗಿಲ್ಲ.

ಒಣಗಿಸುವುದು ಎಲ್ಲಿ, ಯಾವಾಗ

ಕಲಬುರಗಿ, ಯಾದಗಿರಿ ಕಡೆ ಒಂದು ಅನುಕೂಲ ಇದೆ. ಕರಾವಳಿಯಂತೆ ಇಲ್ಲಿ ವಾರಗಟ್ಟಲೆ ಮೋಡ ಮುಸುಕಿರುವುದು ಕಡಿಮೆ. ನಡುನಡುವೆ ಒಳ್ಳೆಯ ಬಿಸಿಲು ಬೀಳುತ್ತದೆ. ಬೆಳಗಿನ ಗಾಳಿ ಹಸಿಯಾಗಿದ್ದರೂ ಬಿಸಿಲು ಬಿದ್ದ ದಿನ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಅದು ಚೆನ್ನಾಗಿ ಒಣಗುತ್ತದೆ. ಕೌದಿಯನ್ನು ಆ ಹೊತ್ತಿಗೇ ಹಾಕಿ, ಒಂದು ಹಗ್ಗದ ಮೇಲೆ ಇಬ್ಬಾಗ ಮಡಿಸಿ ಅಲ್ಲ, ಎರಡು ಹಗ್ಗದ ಮೇಲೆ ಅಗಲವಾಗಿ ಹರಡಿ. ಒಮ್ಮೆ ತಿರುವಿ ಹಾಕಿ. ನಾಲ್ಕು ಗಂಟೆಗೆ ತೆಗೆದು, ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಟ್ಟು, ಅಂದೇ ಕಟ್ಟಿಬಿಡಿ. ರಾತ್ರಿ ಹೊರಗೆ ಬಿಟ್ಟರೆ ಹತ್ತಿ ಮತ್ತೆ ತೇವ ಕುಡಿಯುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಪುಸ್ತಕಗಳನ್ನು ಬಿಸಿಲಿಗೆ ಇಡಬೇಡಿ, ರಟ್ಟು ಬಾಗುತ್ತದೆ. ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಸ್ವಲ್ಪ ಬಿಡಿಸಿ, ಫ್ಯಾನ್ ಗಾಳಿಗೆ ಮಧ್ಯಾಹ್ನದ ಹೊತ್ತು ಇಡಿ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಒಂದು ರಾತ್ರಿ ಇಟ್ಟು, ಚೀಲ ಕಟ್ಟುವ ಕೆಲಸವನ್ನೂ ಅದೇ ಕೋಣೆಯಲ್ಲಿ ಮುಗಿಸಿ. ತಣ್ಣಗಿರುವ ಪುಸ್ತಕವನ್ನು ಬರಿದೇ ಹೊರಗೆ ತಂದರೆ ಅದರ ಮೇಲೆಯೇ ತೇವ ಕೂರುತ್ತದೆ. ಕೂಲರ್ ಮಾತ್ರ ಬೇಡವೇ ಬೇಡ. ಬೇಸಿಗೆಯಿಂದ ಹಾಗೆಯೇ ಓಡುತ್ತಿರುವ ಕೂಲರ್ ಮುಂದೆ ಕುಳಿತು ಪಾರ್ಸೆಲ್ ಕಟ್ಟುವುದು ಇಲ್ಲಿನ ಅಂಗಡಿ, ಮನೆಗಳಲ್ಲಿ ಸಾಮಾನ್ಯ. ಕೂಲರ್ ತಂಪು ಕೊಡುವುದೇ ಗಾಳಿಗೆ ನೀರು ಸೇರಿಸಿ. ರಟ್ಟು, ಕಾಗದ, ಬಟ್ಟೆ ಮೂರೂ ಆ ನೀರು ಕುಡಿಯುತ್ತವೆ.

ಡಬ್ಬಿಯನ್ನೂ ಮರೆಯಬಾರದು. ಕಿರಾಣಿ ಅಂಗಡಿಯ ಹೊರಗೆ ಬಿದ್ದಿದ್ದ ಹಳೆಯ ಡಬ್ಬಿ ಮುಕ್ಕಾಲು ಕಿಲೋ ತೂಗಿದರೆ, ಅದರಲ್ಲಿ ಹೆಚ್ಚಿನ ತೇವವೇ ನಲವತ್ತು ಐವತ್ತು ಗ್ರಾಂ ಇರಬಲ್ಲದು. ಮುಚ್ಚಳದ ಮಡಿಕೆಯನ್ನು ಬೆರಳಲ್ಲಿ ಬಗ್ಗಿಸಿ ಬಿಡಿ. ಪಟ್ಟನೆ ವಾಪಸು ನಿಂತರೆ ಒಣಗಿದೆ, ಸೋತು ಬಿದ್ದರೆ ಹಸಿಯಾಗಿದೆ. ಹಸಿ ರಟ್ಟಿಗೆ ಖಾಕಿ ಟೇಪು ಸರಿಯಾಗಿ ಹಿಡಿಯುವುದೂ ಇಲ್ಲ. ಕಟ್ಟಿದ ಮರುದಿನ ಟೇಪಿನ ತುದಿ ತಾನಾಗಿ ಏಳುತ್ತಿದ್ದರೆ ಟೇಪನ್ನು ದೂರುವ ಮೊದಲು ರಟ್ಟನ್ನು ನೋಡಿ. ಡಬ್ಬಿಯ ಹೊರಗೆ ಪ್ಲಾಸ್ಟಿಕ್ ಸುತ್ತುವುದು ತಪ್ಪಾಗುವುದೂ ಇಲ್ಲಿಯೇ. ಒಣ ಡಬ್ಬಿಗೆ ಸುತ್ತಿದರೆ ಒಳ್ಳೆಯದು, ಹಸಿ ಡಬ್ಬಿಗೆ ಸುತ್ತಿದರೆ ಆ ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚಿದಂತೆ.

ಬೇರೆ ಬೇರೆ ಚೀಲ

ನಮ್ಮ ಪಾರ್ಸೆಲ್‌ನ ಎರಡನೆಯ ದೋಷ ಮೂರೂ ಸಾಮಾನನ್ನು ಒಂದೇ ಚೀಲದಲ್ಲಿ ಹಾಕಿದ್ದು. ಕೌದಿ ತೇವ ಕೊಟ್ಟಿತು, ಪುಸ್ತಕ ಕುಡಿಯಿತು, ರೇಡಿಯೊದ ಲೋಹ ಅನುಭವಿಸಿತು. ಪ್ರತಿಯೊಂದಕ್ಕೂ ಬೇರೆ ಚೀಲ ಬೇಕು. ಕೌದಿಗೂ ಪುಸ್ತಕಗಳಿಗೂ 50 ಮೈಕ್ರಾನ್ ದಪ್ಪದ, ಅಂಗಡಿಯವರ ಭಾಷೆಯಲ್ಲಿ 200 ಗೇಜ್‌ನ ಪಾಲಿಥಿನ್ ಸಾಕು. ಬಾಯಿಯನ್ನು ಬರೀ ಮಡಿಸಬೇಡಿ. ಹಗ್ಗದಂತೆ ತಿರುಚಿ, ತಿರುಚಿದ್ದನ್ನು ಕೆಳಗೆ ಬಗ್ಗಿಸಿ, ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಬಿಲ್ಲನ್ನು ಚೀಲಕ್ಕೆ ಸ್ಟೇಪ್ಲರ್ ಪಿನ್ ಹೊಡೆದು ಸೇರಿಸುವ ಅಭ್ಯಾಸ ಬಿಡಿ. ಒಂದು ಪಿನ್ ಎಂದರೆ ಎರಡು ತೂತು, ಮತ್ತೆ ಆ ಪಿನ್ ತುಕ್ಕು ಹಿಡಿದು ಬಟ್ಟೆಗೆ ಹೋಗದ ಕಲೆ ಬಿಡುತ್ತದೆ. ಬಟ್ಟೆ ಸುತ್ತಲು, ಪೊಳ್ಳು ತುಂಬಲು ಸುದ್ದಿಪತ್ರಿಕೆಯೂ ಬೇಡ. ಅದು ತೇವ ಹಿಡಿಯುತ್ತದೆ, ಮಸಿ ಬಿಡುತ್ತದೆ.

ಚೆನ್ನಾಗಿ ಒಣಗಿಸಿದ ಕೌದಿಗೂ ಪುಸ್ತಕಕ್ಕೂ ಸಿಲಿಕಾ ಜೆಲ್ ಬೇಕಾಗಿಲ್ಲ. ಪಾಲಿಥಿನ್ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತದೆ ನಿಜ. ಆದರೆ ಐದು ದಿನದಲ್ಲಿ ಹತ್ತು ಗ್ರಾಂ ಒಳಗೆ ಬಂದರೂ ಎರಡೂವರೆ ಕಿಲೋ ಹತ್ತಿಗೆ ಅದು ಶೇ. 0.4 ಮಾತ್ರ. ಒಣಗಿದ ಹತ್ತಿ ಅಷ್ಟನ್ನು ಏನೂ ಆಗದಂತೆ ನುಂಗಿಕೊಳ್ಳುತ್ತದೆ. ಅದೇ ಹತ್ತು ಗ್ರಾಂ ರೇಡಿಯೊ ಚೀಲದೊಳಗೆ ಬಂದರೆ ನುಂಗುವವರು ಯಾರೂ ಇಲ್ಲ. ಜೆಲ್ ಇರಬೇಕಾದದ್ದು ಅಲ್ಲಿ.

ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಅಲ್ಯೂಮಿನಿಯಂ ಪದರವಿರುವ, ಬೆಳಕಿಗೆ ಹಿಡಿದರೆ ಆಚೆ ಕಾಣದ ಚೀಲ ಬೇಕು. ಕಂಪ್ಯೂಟರ್ ಬಿಡಿಭಾಗಗಳ ಜೊತೆ ಬರುವ ಗುಲಾಬಿ ಚೀಲವಾಗಲಿ, ಅರೆಪಾರದರ್ಶಕ ಬೂದು ಚೀಲವಾಗಲಿ ವಿದ್ಯುತ್ ಕಿಡಿಯಿಂದ ಕಾಪಾಡಲು ಮಾಡಿದವು; ತೇವ ತಡೆಯುತ್ತವೆಂದು ನಂಬಬೇಡಿ. ರೇಡಿಯೊದಿಂದ ಸೆಲ್ ತೆಗೆದು ಬೇರೆ ಪೊಟ್ಟಣ ಮಾಡಿ. 10 ಗ್ರಾಂ ಜೆಲ್ ಹಾಕಿ, ಬಾಯಿಯನ್ನು ಬಿಸಿಯಿಂದ ಅಂಟಿಸಿ, ಆಗದಿದ್ದರೆ ಎರಡು ಸಲ ಮಡಿಸಿ ಉದ್ದಕ್ಕೂ ಟೇಪು ಹಚ್ಚಿ. ಜೆಲ್ ತಾಜಾ ಇರಬೇಕು. ಕಿತ್ತಳೆ ಬಣ್ಣದ ಜೆಲ್ ತೇವ ತುಂಬಿದಾಗ ಹಸಿರಾಗುತ್ತದೆ, ನೋಡಿ ತಿಳಿಯಬಹುದು. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ವಿಷಕಾರಿ, ಮನೆಗೆ ಹೋಗುವ ಪಾರ್ಸೆಲ್‌ಗೆ ಬೇಡ. ಬಿಳಿ ಜೆಲ್ ತುಂಬಿದೆಯೋ ಇಲ್ಲವೋ ನೋಟಕ್ಕೆ ಗೊತ್ತಾಗುವುದಿಲ್ಲ. ಡಬ್ಬ ತೆರೆದು ವಾರ ಕಳೆದ ಪೊಟ್ಟಣಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸೆಲ್ ಪಟ್ಟಿಯ ಮೇಲಿನ ಕಲೆಯ ಬಗ್ಗೆ ಒಂದು ಮಾತು. ಹಸಿರು ಕಿಲುಬು ತಾಮ್ರ, ಹಿತ್ತಾಳೆಗೆ ತೇವ ತಾಗಿದ್ದರ ಗುರುತು. ಬಿಳಿ ಪುಡಿ ಸೆಲ್ಲಿನ ತುದಿಯಿಂದಲೇ ಶುರುವಾಗಿದ್ದರೆ ಸೆಲ್ ಸೋರಿದೆ. ಅದಕ್ಕೆ ಪ್ಯಾಕಿಂಗ್ ಹೊಣೆಯಲ್ಲ.

ಕೊನೆಗೆ ಮಳೆ

ಒಳಗಿನ ತೇವ ಸರಿಮಾಡಿದ ಮೇಲೆ ಹೊರಗಿನ ಮಳೆಗೆ ಇಷ್ಟು ಸಾಕು. ಮೂರೂ ಚೀಲಗಳನ್ನು ಹಿಡಿಸುವ ಇನ್ನೊಂದು ದೊಡ್ಡ ಪಾಲಿಥಿನ್ ಚೀಲವನ್ನು ಡಬ್ಬಿಯ ಒಳಗೆ ಅಸ್ತರಿಯಂತೆ ಹರಡಿ, ಅದರ ಬಾಯಿಯನ್ನೂ ತಿರುಚಿ ಕಟ್ಟಿ. ಡಬ್ಬಿಯ ನಡುಸೀಳಿಗೆ ಒಂದು ಉದ್ದ ಟೇಪು, ಎರಡು ಬದಿಯ ಅಂಚಿಗೆ ಅಡ್ಡ ಟೇಪು, ಮೇಲೂ ಕೆಳಗೂ. ನಡುಸೀಳಿಗೆ ಮಾತ್ರ ಹಚ್ಚಿ ಬಿಟ್ಟರೆ ಬದಿಯ ಅಂಚುಗಳಿಂದ ನೀರು ನೇರ ಒಳಗಿಳಿಯುತ್ತದೆ. ವಿಳಾಸ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ಒಂದೇ ಹನಿಗೆ ಕದಡುತ್ತದೆ, ಪಾರದರ್ಶಕ ಪೌಚಿನೊಳಗೆ ಹಾಕಿ ಅಂಟಿಸಿ. ಅದೇ ವಿಳಾಸದ ಇನ್ನೊಂದು ಚೀಟಿ ಡಬ್ಬಿಯೊಳಗೂ ಇರಲಿ.

ಚೀಲ ಸೋರುತ್ತದೆಯೇ ಎಂದು ನೋಡಲು ಖಾಲಿ ಚೀಲದಲ್ಲಿ ಒಣ ಟಿಶ್ಯೂ ಕಾಗದ ಇಟ್ಟು, ಗಾಳಿ ತುಂಬಿದಂತೆ ಬಾಯಿ ಕಟ್ಟಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಎದ್ದ ಜಾಗ ತೂತಿನ ಜಾಗ. ಕೊಂಡ ಕಟ್ಟಿನಿಂದ ಒಂದೆರಡು ಚೀಲ ಹೀಗೆ ನೋಡಿದರೆ ಕೆಳಗಿನ ಬೆಸುಗೆ ಗಟ್ಟಿಯಿದೆಯೋ ಇಲ್ಲವೋ ತಿಳಿಯುತ್ತದೆ.

ಪಡೆಯುವವರಿಗೂ ಮೊದಲೇ ಹೇಳಿಡಿ. ತೆರೆಯುವ ಮುಂಚೆ ಡಬ್ಬಿಯ ತಳ, ನಾಲ್ಕು ಮೂಲೆ, ನಡುಸೀಳಿನ ಫೋಟೊ; ತೆರೆದ ಕೂಡಲೇ, ಏನನ್ನೂ ಮುಟ್ಟದೆ, ಚೀಲದ ಒಳಮೈಯ ಫೋಟೊ. ಹತ್ತು ನಿಮಿಷ ತಡವಾದರೆ ಹನಿ ಒರೆಸಿಹೋಗುತ್ತದೆ, ದೋಷ ಯಾವುದೆಂದು ಮತ್ತೆ ಹೇಳಲಾಗದು. ಎಲೆಕ್ಟ್ರಾನಿಕ್ಸ್ ಇದ್ದರೆ ಚೀಲ ಬಿಚ್ಚದೆ ಕೋಣೆಯಲ್ಲಿ ನಾಲ್ಕೈದು ಗಂಟೆ ಬಿಟ್ಟು, ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆಯಬೇಕು. ಒಳಗೆ ತೇವ ಕಂಡರೆ ಸ್ವಿಚ್ ಹಾಕಬಾರದು. ನುಣುಪು ಕಾಗದದ ಪುಸ್ತಕ ನೀರಿನಲ್ಲೇ ನೆನೆದಿದ್ದರೆ ಒಣಗಲು ಬಿಡಬೇಡಿ, ಹಾಳೆಗಳು ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಹಾಳೆ ಬಿಡಿಸಬಲ್ಲ ತಜ್ಞರಿಗೆ ತೋರಿಸಲು ಸಮಯ ಸಿಗುತ್ತದೆ.

ಈ ಕ್ರಮ ಒಂದು ವಾರ, ಹೆಚ್ಚೆಂದರೆ ಹತ್ತು ದಿನದ ದಾರಿಗೆ ಸರಿ. ಕರಾವಳಿಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಸರಕಿಗೆ ಪಾಲಿಥಿನ್ ಸಾಲದು. ಕೌದಿಗೂ ಪುಸ್ತಕಕ್ಕೂ ಅಲ್ಯೂಮಿನಿಯಂ ಪದರದ ಚೀಲವೇ ಬೇಕು, ಅದಕ್ಕೂ ಮುಂಚೆ ಚೀಲದ ಪರೀಕ್ಷೆಯಲ್ಲಿ ಅಂಕಿ 50ರ ಕೆಳಗೆ ಬಂದಿರಬೇಕು.